ಸೋಲಾರ್ ಹಾಕಿಸಿದ ಮೇಲೆ ಬಿಲ್ಲು ಏರಿದಾಗ

ಮೇಲ್ಛಾವಣಿ ಸೋಲಾರ್ ಹಾಕುವ ಒಂದು ಸಣ್ಣ ಕಂಪನಿಯಲ್ಲಿ ಗ್ರಾಹಕರ ದೂರು ನೋಡುವ ಕೆಲಸ ನನ್ನದು. ಒಂದು ಬೆಳಿಗ್ಗೆ ಮೈಸೂರಿನ ನಿವೃತ್ತ ಮೇಷ್ಟ್ರೊಬ್ಬರ ಮೇಲ್ ಬಂದಿತ್ತು. "3 ಕಿಲೋವ್ಯಾಟ್ ಹಾಕಿಸಿದೆ. ಬಿಲ್ಲಿನಲ್ಲಿ ತಿಂಗಳಿಗೆ 180 ಯೂನಿಟ್ ಬರುತ್ತಿತ್ತು, ಈಗ 390 ಬಂದಿದೆ. ಮೂರು ಸಲ ಫೋನ್ ಮಾಡಿದೆ, ಮೂವರೂ ನೋಡ್ತೀವಿ ಅಂದರು."

ಇನ್ವರ್ಟರ್ ಆ್ಯಪ್ ತೆರೆದೆ. ಆ ತಿಂಗಳು 310 ಯೂನಿಟ್ ತಯಾರಾಗಿತ್ತು. ಆಗಲೇ ಅನುಮಾನ ಬಂತು. ಅವರ ಮನೆಗೆ ಎರಡೂ ದಿಕ್ಕಿನ ಲೆಕ್ಕ ಇಡುವ ಮೀಟರ್ ಇನ್ನೂ ಬಂದಿರಲಿಲ್ಲ. ಆದರೂ ನಮ್ಮ ಹುಡುಗರು ಟೆಸ್ಟ್ ಮಾಡಿ, ಇನ್ವರ್ಟರ್ ಆಫ್ ಮಾಡದೆ ಬಂದಿದ್ದರು. ಕೆಲವು ಮೀಟರ್‌ಗಳು ಮನೆಯಿಂದ ಹೊರಗೆ ಹೋದ ಕರೆಂಟನ್ನೂ ಬಳಸಿದ್ದು ಅಂತಲೇ ಎಣಿಸುತ್ತವೆ. ಹಗಲು ಅವರು ಬಳಸಿದ್ದು ಸುಮಾರು 50 ಯೂನಿಟ್ ಅಂದುಕೊಂಡರೆ ಹೊರಗೆ ಹೋಗಿದ್ದು 260. ಮೊದಲಿನ 180ರಲ್ಲಿ ಉಳಿದ 130 ರಾತ್ರಿ ಲೈನಿನಿಂದ ಪಡೆದಿದ್ದು. ಎರಡೂ ಸೇರಿಸಿದರೆ ಸರಿಯಾಗಿ 390!

ತಪ್ಪು ನಮ್ಮದೇ. ಇದನ್ನೆಲ್ಲ ಮೇಲ್‌ನಲ್ಲೇ ಬಿಡಿಸಿ ಹೇಳಬಹುದಿತ್ತು. ಆದರೆ ದುಡ್ಡಿನ ಮಾತು ಆಡುವ ಅಧಿಕಾರ ನನಗಿರಲಿಲ್ಲ. ಮೊದಲು "ನಮ್ಮ ಹಿರಿಯ ಎಂಜಿನಿಯರ್ ಕರೆ ಮಾಡುತ್ತಾರೆ" ಅಂತ ಬರೆದು ಅಳಿಸಿದೆ. ಮೂರು ಸಲ ಕೇಳಿದ್ದನ್ನೇ ನಾಲ್ಕನೇ ಸಲ ಕೇಳಿಸಿದಂತೆ ಆಗುತ್ತಿತ್ತು, ಅಲ್ವಾ? ಎದ್ದು ಹೋಗಿ ಹಿರಿಯರ ಹತ್ತಿರ ಸಮಯ ಕೇಳಿಕೊಂಡು ಬಂದು ಹೀಗೆ ಬರೆದೆ:

"ಸರ್, ಬಿಲ್ಲು ಏರಿದ್ದು ನಿಮ್ಮ ಬಳಕೆಯಿಂದಲ್ಲ, ನಮ್ಮ ಕಡೆಯ ತಪ್ಪಿನಿಂದ ಅಂತ ಕಾಣುತ್ತಿದೆ. ದಯವಿಟ್ಟು ಇವತ್ತೇ ಇನ್ವರ್ಟರ್ ಆಫ್ ಮಾಡಿ, ಕರೆಗೆ ಕಾಯಬೇಡಿ. ನಮ್ಮ ಹಿರಿಯ ಎಂಜಿನಿಯರ್ ನಾಳೆ 11 ಗಂಟೆಗೆ ಅಥವಾ ಸಂಜೆ 5ಕ್ಕೆ ಮಾತಾಡಬಹುದು, ಇಪ್ಪತ್ತು ನಿಮಿಷ ಸಾಕು. ಯಾವುದು ಅನುಕೂಲ? ಆ್ಯಪ್‌ನ ಲೆಕ್ಕವನ್ನೂ ನಿಮ್ಮ ಬಿಲ್ಲನ್ನೂ ಜೊತೆಗಿಟ್ಟು ನೋಡುತ್ತಾರೆ. ಹೊಸ ಮೀಟರ್ ಅರ್ಜಿ ಎಲ್ಲಿ ನಿಂತಿದೆ ಅಂತ ಹೇಳುತ್ತಾರೆ. ಹೆಚ್ಚಾದ ಹಣವನ್ನು ಯಾರು ಕೊಡಬೇಕು ಅನ್ನೋದನ್ನೂ ಮಾತಾಡುತ್ತಾರೆ. ಮೀಟರ್ ಬರುವ ದಿನ ಮಾತ್ರ ವಿದ್ಯುತ್ ಕಂಪನಿಯ ಕೈಯಲ್ಲಿದೆ, ಅದಕ್ಕೆ ನಾವು ಮಾತು ಕೊಡಲಾಗದು. ಬಿಲ್ಲು ಮತ್ತು ಮೀಟರಿನ ಒಂದು ಫೋಟೋ ಕಳಿಸಿದರೆ ಅವರು ಮೊದಲೇ ನೋಡಿಕೊಂಡಿರುತ್ತಾರೆ."

ಮೀಟರ್ ಬರುವ ದಿನಕ್ಕೆ ಮಾತು ಕೊಡಲಾಗದು ಅನ್ನೋ ಸಾಲಿನ ಬಗ್ಗೆ ನನಗೆ ಭಯವಿತ್ತು. ಆಗದ್ದನ್ನು ಮೊದಲೇ ಹೇಳಿದರೆ ಸಿಟ್ಟು ಜಾಸ್ತಿ ಆಗಬಹುದು ಅನ್ನಿಸಿತ್ತು. ಆದರೆ ಕರೆಯಲ್ಲಿ ಹೇಳಿ ನಿರಾಸೆ ಮಾಡೋದಕ್ಕಿಂತ ಇದೇ ಸರಿ.

ಅರ್ಧ ಗಂಟೆಯಲ್ಲಿ ಉತ್ತರ ಬಂತು: "ಆಫ್ ಮಾಡಿದ್ದೇನೆ. 11 ಗಂಟೆ." ಜೊತೆಗೆ ಎರಡು ಫೋಟೋ.

ಮರುದಿನ ಕರೆಯಲ್ಲಿ ನಾನೂ ಇದ್ದೆ. ಮೇಷ್ಟ್ರು ನೇರವಾಗಿ, "ದುಡ್ಡಿನ ವಿಷಯ ಮೊದಲು ಮಾತಾಡೋಣ" ಅಂದರು. ಪತ್ರದಲ್ಲಿ ಬರೆದಿದ್ದರಿಂದ ಹಿರಿಯರು ಮಾಲೀಕರ ಒಪ್ಪಿಗೆ ತಂದೇ ಕೂತಿದ್ದರು. ಹೆಚ್ಚಿಗೆ ಬಂದ 210 ಯೂನಿಟ್‌ನ ಹಣ ನಾವೇ ಕೊಡುತ್ತೇವೆ ಅಂದರು. ಆಮೇಲೆ ಮೇಷ್ಟ್ರು ಪೆನ್ನು ಹಿಡಿದು, 130 ಮತ್ತು 260ರ ಲೆಕ್ಕವನ್ನು ಎರಡು ಸಲ ಹೇಳಿಸಿ ಬರೆದುಕೊಂಡರು.