ಇನ್ನೊಬ್ಬಳ ಕುಂಡಲಿ, ಇವಳ ಭವಿಷ್ಯ

ನಮ್ಮ ಕಚೇರಿಯ ಪ್ರಿಂಟರಿಗೆ ನೆನಪಿನ ಶಕ್ತಿ ಅಪಾರ. ಕಾಗದ ಸಿಕ್ಕಿಹಾಕಿಕೊಂಡು ನಿಂತುಹೋದ ಪುಟವನ್ನು ಅದು ಎಂದೂ ಮರೆಯುತ್ತಿರಲಿಲ್ಲ. ಅರ್ಧ ಗಂಟೆ ಕಳೆದು ಬೇರೆಯವರ ಜಾತಕಕ್ಕೆ ಗುಂಡಿ ಒತ್ತಿದರೆ, ಮೊದಲು ಹಿಂದಿನವರ ಬಾಕಿ ತೀರಿಸಿ ಆಮೇಲೆ ಹೊಸಬರದ್ದಕ್ಕೆ ಕೈ ಹಾಕುತ್ತಿತ್ತು. ಹೊಸದು ತರಿಸಿ ಎಂದು ಜೋಯಿಸರ ಸೋದರಳಿಯನಿಗೆ ಎಷ್ಟು ಸಲ ಹೇಳಿದರೂ, "ಕಪ್ಪು ಅಕ್ಷರ ಬೀಳುತ್ತದಲ್ಲ, ಸಾಕು" ಎಂಬ ಒಂದೇ ಉತ್ತರ. ಕಚೇರಿಯ ಆಡಳಿತವೆಂದರೆ ಅವನೇ.

ಕಾಸರಗೋಡಿನ ಕಡೆಯ ಒಂದು ಪೇಟೆಯಲ್ಲಿ, ಬಸ್ ನಿಲ್ದಾಣದ ಎದುರಿನ ಮಹಡಿಯ ಮೇಲಿತ್ತು ಕಚೇರಿ. ಮದುವೆಯ ಹೊಂದಾಣಿಕೆ ಕೇಳಲು ಬಂದವರಿಂದ ಫಾರಂ ತುಂಬಿಸುವುದು, ಹುಟ್ಟಿದ ದಿನ, ಸಮಯ, ಊರನ್ನು ಸಾಫ್ಟ್‌ವೇರಿಗೆ ಹಾಕುವುದು, ಕುಂಡಲಿ, ದಶೆ, ಕೂಟದ ಪಟ್ಟಿ ತೆಗೆದು ಪರದೆಯಾಚೆ ಕೊಟ್ಟು ಬರುವುದು ನನ್ನ ಕೆಲಸ. ಪರದೆ ಬಟ್ಟೆಯದ್ದು, ಮಾತೆಲ್ಲ ಹೊರಗೆ ಕೇಳುತ್ತಿತ್ತು.

ಆ ದಿನ ಬಂದವರು ತಾಯಿ ಮತ್ತು ಮಗಳು. ಮಗಳಿಗೆ ಇಪ್ಪತ್ತೆಂಟು, ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ತಾಯಿಯ ಕೈಯಲ್ಲಿ ಹುಡುಗನ ಜಾತಕ, ನಾಲ್ಕಾಗಿ ಮಡಚಿದ್ದು. "ರೆಕಾರ್ಡ್ ಮಾಡಬಹುದೇ? ಅಪ್ಪನಿಗೆ ಬರಲಾಗಲಿಲ್ಲ, ಮನೆಯಲ್ಲಿ ಕೇಳಿಸಬೇಕು" ಎಂದು ಮಗಳು ಕೇಳಿದಳು. ಜೋಯಿಸರು ಧಾರಾಳವಾಗಿ ಒಪ್ಪಿದರು.

ಅವರು ಒಳಗೆ ಹೋಗಿ ಕುಳಿತು ನಾಲ್ಕು ಮಾತಾಗುವಷ್ಟರಲ್ಲಿ ಪ್ರಿಂಟರ್ ಮತ್ತೆ ಗುರುಗುಟ್ಟಿ ಇನ್ನೊಂದು ಕಟ್ಟು ಹೊರಗೆ ತಳ್ಳಿತು. ಮೇಲೆ ಈ ಹುಡುಗಿಯ ಹೆಸರು. ಹಾಗಾದರೆ ಒಳಗೆ ಹೋದದ್ದು ಬೆಳಿಗ್ಗೆ ಬಂದಿದ್ದ ಇನ್ನೊಬ್ಬಳದ್ದು. ಆ ಹುಡುಗಿ ರೇವತಿ ನಕ್ಷತ್ರ, ಮೀನ ರಾಶಿ. ಇವಳದ್ದು ಅನುರಾಧಾ, ವೃಶ್ಚಿಕ. ಲಗ್ನ ಬೇರೆ, ದಶೆ ಬೇರೆ, ಕುಜ ಕುಳಿತ ಮನೆ ಬೇರೆ. ನಾನು ಸರಿಯಾದ ಕಾಗದ ಹಿಡಿದುಕೊಂಡು ಪರದೆಯ ಹತ್ತಿರ ನಿಂತೆ. ಒಳಗೆ ನುಗ್ಗಿದರೆ ಜೋಯಿಸರ ಮುಖಭಂಗ. ಹೇಗೂ ಎರಡು ನಿಮಿಷದಲ್ಲಿ ಸಿಕ್ಕಿಬೀಳುತ್ತದೆ, ತಾಯಿಯೇ "ಅಲ್ಲ ಜೋಯಿಸರೇ, ಇದು ನಮ್ಮ ಮಗಳಿಗೆ ಹೊಂದುವುದಿಲ್ಲ" ಎನ್ನುತ್ತಾರೆ ಎಂದುಕೊಂಡೆ.

ಹಾಗೆ ಏನೂ ಆಗಲಿಲ್ಲ. ಒಳಗಿನಿಂದ ಬರುತ್ತಿದ್ದದ್ದು ಒಂದೇ ಸಮನೆ ತಾಯಿಯ "ಹೌದು, ಹೌದು".

"ಕೈಗೆ ಬಂದ ಒಂದು ಸಂಬಂಧ ತಪ್ಪಿದ್ದು ಕಾಣುತ್ತದೆ." ಹೌದು. "ಇವಳು ಹೊರಗೆ ಗಟ್ಟಿ, ಒಳಗೆ ಮೆದು. ಮನಸ್ಸಿನಲ್ಲಿರುವುದನ್ನು ಎಲ್ಲರಿಗೂ ಹೇಳುವವಳಲ್ಲ." ಹೌದು. "ಅಣ್ಣ ತಮ್ಮಂದಿರ ಕಡೆಯಿಂದ ಮನಸ್ಸಿಗೆ ಬೇಸರವೇನೂ ಇಲ್ಲವಲ್ಲ?" ಇಲ್ಲಿ ತಾಯಿಯ ಸ್ವರ ಒಡೆಯಿತು. ಮಗ ಬೇರೆ ಮನೆ ಮಾಡಿದ್ದು, ಸೊಸೆಯೊಂದಿಗೆ ಮಾತು ನಿಂತದ್ದು, ತಂಗಿಯ ಮದುವೆಯ ಖರ್ಚಿಗೆ ಅವನು ಕೈ ಎತ್ತಿದ್ದು, ಎಲ್ಲವೂ ಹೊರಗೆ ಬಂತು. ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, "ಎದುರಿಗೆ ಕಂಡ ಹಾಗೆ ಹೇಳಿದಿರಿ" ಎಂದರು. ಕಂಡದ್ದು ಯಾರ ಜಾತಕದಲ್ಲಿ ಎಂಬುದು ನನಗೊಬ್ಬಳಿಗೆ ಗೊತ್ತಿತ್ತು. ಒಳಗೆ ಹೋಗುವ ಹೊತ್ತು ಮೀರಿತು. ಕೊನೆಗೆ ಕೂಟ ಮಧ್ಯಮ, ಕುಜ ದೋಷವಿದೆ, ಸ್ವಯಂವರ ಪಾರ್ವತಿ ಪೂಜೆ ಮಾಡಿಸಿ ಮುಂದುವರಿಯಬಹುದು ಎಂಬ ತೀರ್ಮಾನದೊಂದಿಗೆ ಅವರು ಎದ್ದರು. ತಪ್ಪು ಕಾಗದವೇ ಪ್ಲಾಸ್ಟಿಕ್ ಕವರಿನಲ್ಲಿ ಅವರ ಜೊತೆ ಮೆಟ್ಟಿಲಿಳಿಯಿತು.

ಮರುದಿನ ಮಗಳು ಒಬ್ಬಳೇ ಬಂದಳು. ಜೋಯಿಸರನ್ನು ಕೇಳದೆ ನನ್ನ ಮೇಜಿನೆದುರು ಕುಳಿತಳು. "ಅಕ್ಕಾ, ನನ್ನದು ಅನುರಾಧಾ ನಕ್ಷತ್ರ. ಇದರಲ್ಲಿ ರೇವತಿ ಎಂದಿದೆ, ಹೆಸರೂ ನನ್ನದಲ್ಲ." ನಾನು ಕ್ಷಮೆ ಕೇಳಿ ಸರಿಯಾದ ಕಟ್ಟನ್ನು ಮುಂದಿಟ್ಟೆ. ಅವಳ ಸಿಟ್ಟು ಕಾಗದದ ಮೇಲೆ ಇದ್ದಂತೆ ಕಾಣಲಿಲ್ಲ. ಚೀಲದಿಂದ ನೋಟ್ ಪುಸ್ತಕ ತೆಗೆದಳು. ರಾತ್ರಿ ರೆಕಾರ್ಡಿಂಗ್ ಕೇಳುತ್ತ ಪುಟದ ನಡುವೆ ಗೆರೆ ಎಳೆದು ಬರೆದಿದ್ದಳು: ಎಡಕ್ಕೆ ಜೋಯಿಸರು ಮೊದಲು ಹೇಳಿದ್ದು, ಬಲಕ್ಕೆ ಅಮ್ಮ ಮೊದಲು ಹೇಳಿದ್ದು. ಅಣ್ಣ, ಬೇರೆ ಮನೆ, ಅತ್ತಿಗೆ, ಖರ್ಚು, ಹುಡುಗ ಬೆಂಗಳೂರಿನಲ್ಲಿರುವುದು, ಅಪ್ಪನ ಮೊಣಕಾಲು ನೋವು, ಎಲ್ಲವೂ ಬಲಕ್ಕೆ. ಎಡಕ್ಕೆ ಉಳಿದದ್ದು ತಪ್ಪಿದ ಸಂಬಂಧ ಮತ್ತು ಮೆದು ಮನಸ್ಸು. ಇಪ್ಪತ್ತೆಂಟರ ಹುಡುಗಿಯ ಮನೆಯಲ್ಲಿ ತಪ್ಪಿದ ಸಂಬಂಧ ಒಂದಾದರೂ ಇರದೆ ಹೇಗೆ? ಒಳಗೆ ಮೆದು ಅಲ್ಲದವರು ಯಾರು?

"ಆದರೆ ಅಮ್ಮ ನಿನ್ನೆ ಸಂಜೆ ಅಪ್ಪನಿಗೆ ಹೇಳಿದ್ದು ಬೇರೆ" ಎಂದಳು. "ಜೋಯಿಸರು ಅಣ್ಣನ ವಿಷಯ ಪೂರ್ತಿ ಹೇಳಿಬಿಟ್ಟರು ಎಂದು."

ಎದುರಿಗಿರುವವರಿಂದಲೇ ಸಂಗತಿ ಹೊರಡಿಸಿ ತಮಗೆ ಕಂಡದ್ದೆಂದು ಹೇಳುವ ಇದನ್ನೇ ಕೋಲ್ಡ್ ರೀಡಿಂಗ್ ಎನ್ನುತ್ತಾರೆಂದು ನನಗೆ ತಿಳಿದದ್ದು ಆಮೇಲೆ ಹುಡುಕಿ ಓದಿದಾಗ. ಹೆಸರಿಲ್ಲದೆಯೇ ಅದರ ಕ್ರಮ ನನ್ನ ಕಿವಿಗೆ ಅಭ್ಯಾಸವಾಗಿತ್ತು. ಅಣ್ಣನ ಪ್ರಶ್ನೆಯನ್ನೇ ನೋಡಿ. "ಬೇಸರವೇನೂ ಇಲ್ಲವಲ್ಲ?" ಎಂಬುದಕ್ಕೆ ತಾಯಿ "ಇಲ್ಲ" ಎಂದಿದ್ದರೆ, "ಅದೇ, ಆ ಸ್ಥಾನ ಚೆನ್ನಾಗಿದೆ" ಎಂದು ಜೋಯಿಸರು ಮುಂದೆ ಹೋಗುತ್ತಿದ್ದರು. "ಇದೆ" ಎಂದರೆ "ನನಗೆ ಅದೇ ಕಂಡಿತು". ಎರಡು ಕಡೆಗೂ ಬಾಗಿಲಿರುವ ಪ್ರಶ್ನೆ ಅದು. ಅಣ್ಣನೇ ಇಲ್ಲದ ಮನೆಯಾದರೆ ದೊಡ್ಡಪ್ಪನ ಮಗ ಸಿಗುತ್ತಾನೆ. ಅವನೂ ಇಲ್ಲದಿದ್ದರೆ "ಮುಂದೆ ಜಾಗ್ರತೆ" ಎಂದು ಭವಿಷ್ಯಕ್ಕೆ ದಾಟಿಸಬಹುದು. ಹೀಗೆ ಸಿಕ್ಕಿದ ಸಂಗತಿಯನ್ನು ಹತ್ತು ನಿಮಿಷ ಬಿಟ್ಟು, "ಮೂರನೆಯ ಮನೆ ಭ್ರಾತೃಸ್ಥಾನ, ಅಲ್ಲಿ ಪಾಪಗ್ರಹದ ದೃಷ್ಟಿ, ಆದ್ದರಿಂದಲೇ ಮಗ ದೂರ" ಎಂದು ಶಾಸ್ತ್ರದ ಭಾಷೆಯಲ್ಲಿ ಹಿಂದಿರುಗಿಸುತ್ತಾರೆ. ಕೊಟ್ಟವರಿಗೆ ತಮ್ಮದೇ ವಸ್ತುವಿನ ಗುರುತು ಸಿಗುವುದಿಲ್ಲ.

ಮಾತಿಗಿಂತ ಮುಖ ಹೆಚ್ಚು ಹೇಳುತ್ತದೆ. ತಾಯಿ ಹುಡುಗನ ಜಾತಕವನ್ನು ಎರಡು ಸಲ ಮುಂದೆ ತಳ್ಳಿದ್ದು, ಮಗಳು ಅದರ ಕಡೆ ನೋಡದೆ ಬಳೆ ತಿರುಗಿಸುತ್ತಿದ್ದದ್ದು ನನಗೇ ಫಾರಂ ತುಂಬುವಾಗ ಕಂಡಿತ್ತು. ಜೋಯಿಸರಿಗೆ ಕಾಣದೇ? "ಕೂಟ ಬಂದರೆ ಸಾಲದು ಅಮ್ಮ, ಮನಸ್ಸೂ ಕೂಡಿ ಬರಬೇಕು" ಎಂದು ಅವರು ಅಂದಾಗ ತಾಯಿ ತಟ್ಟನೆ ಮಗಳ ಕಡೆ ತಿರುಗಿದ್ದಾರೆ. ಇದು ಮಗಳೇ ಹೇಳಿದ್ದು. ಆ ತಿರುಗುವಿಕೆಯೇ ಅವರಿಗೆ ಬೇಕಾದ ಉತ್ತರ.

ಕುಜ ದೋಷದ ಮಾತಿಗೂ ತಾಯಿ "ಎಲ್ಲರೂ ಹಾಗೆಯೇ ಹೇಳಿದ್ದಾರೆ" ಎಂದಿದ್ದರು. ಇನ್ನೊಬ್ಬಳ ಕುಂಡಲಿಯಲ್ಲಿ ಲಗ್ನದಿಂದ ಏಳರಲ್ಲಿ ಕುಜ. ಇವಳದ್ದರಲ್ಲಿ ಕುಂಭ ಲಗ್ನ, ಕುಜ ಮಿಥುನದಲ್ಲಿ, ಅಂದರೆ ಐದರಲ್ಲಿ. ಲಗ್ನದಿಂದ ದೋಷವೇ ಇಲ್ಲ. ಆದರೆ ಚಂದ್ರ ವೃಶ್ಚಿಕದಲ್ಲಿರುವುದರಿಂದ ಅಲ್ಲಿಂದ ಎಣಿಸಿದರೆ ಕುಜ ಎಂಟಕ್ಕೆ ಬರುತ್ತಾನೆ. ಎರಡು, ನಾಲ್ಕು, ಏಳು, ಎಂಟು, ಹನ್ನೆರಡನ್ನು ದೋಷದ ಮನೆಗಳೆಂದು ಹಿಡಿದರೆ ಹನ್ನೆರಡರಲ್ಲಿ ಐದು ಆಯಿತು. ಲಗ್ನದಿಂದ ಮಾತ್ರ ಎಣಿಸಿದರೂ 100 ಜನರಲ್ಲಿ ಸುಮಾರು 42 ಜನ ಸಿಕ್ಕಿಬೀಳುತ್ತಾರೆ. ಚಂದ್ರನಿಂದಲೂ ಶುಕ್ರನಿಂದಲೂ ಎಣಿಸುವವರ ಕೈಗೆ ಹೋದರೆ ಸುಮಾರು 80. ಆಮೇಲೆ ದೋಷವನ್ನು ಕಳೆಯುವ ಅಪವಾದಗಳು ಬೇರೆ ಇವೆ. ಎದುರಿಗಿರುವವರು ಸಂಬಂಧ ಬೇಡವೆನ್ನುವ ಮನಸ್ಸಿನಲ್ಲಿದ್ದರೆ ದೋಷ ನಿಲ್ಲುತ್ತದೆ, ಬೇಕೆನ್ನುವ ಮನಸ್ಸಿದ್ದರೆ ಅಪವಾದ ಸಿಗುತ್ತದೆ.

ಜೋಯಿಸರು ಮೋಸಗಾರರೆಂದು ನಾನು ಇಂದಿಗೂ ಹೇಳಲಾರೆ. ತಮ್ಮ ಮಗಳ ಮದುವೆಗೂ ಹೀಗೆಯೇ ಜಾತಕ ನೋಡಿದವರು ಅವರು. ಅಮೆರಿಕದ ಮನಶ್ಶಾಸ್ತ್ರಜ್ಞ ರೇ ಹೈಮನ್ ಅವರ ಕಥೆ ಓದಿದ ಮೇಲೆ ಇದು ಅರ್ಥವಾಯಿತು. ಹರೆಯದಲ್ಲಿ ಅವರು ಹಸ್ತರೇಖೆ ನೋಡಿ ಹೇಳುತ್ತಿದ್ದರು, ಕೇಳಿದವರ ಮೆಚ್ಚುಗೆಯಿಂದ ಆ ವಿದ್ಯೆಯನ್ನು ತಾವೇ ನಂಬಿದ್ದರು. ಮನಸ್ಸು ಓದುವ ಪ್ರದರ್ಶನ ನೀಡುತ್ತಿದ್ದ ಸ್ಟ್ಯಾನ್ಲಿ ಜಾಕ್ಸ್ ಎಂಬ ಮಿತ್ರರು, ರೇಖೆ ಹೇಳುವುದಕ್ಕೆ ನೇರ ವಿರುದ್ಧವಾಗಿ ಹೇಳಿ ನೋಡು ಎಂದರು. ಹಾಗೆ ಹೇಳಿದಾಗಲೂ ಜನ ಅಷ್ಟೇ ತಲೆದೂಗಿದರು. ಹೈಮನ್ ಬೇಕೆಂದೇ ಮಾಡಿ ನೋಡಿದ್ದನ್ನು ನಮ್ಮ ಪ್ರಿಂಟರ್ ಯಾರಿಗೂ ಹೇಳದೆ ಮಾಡಿತ್ತು.

ಮುಖ ಎದುರಿಗಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪುಣೆಯಲ್ಲಿ ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಮತ್ತು ಸಂಗಡಿಗರು ನಡೆಸಿದ ಪರೀಕ್ಷೆಯಿದೆ. ಓದಿನಲ್ಲಿ ಚುರುಕಾದ 100 ಮಕ್ಕಳು, ಬುದ್ಧಿಮಾಂದ್ಯರಾದ 100 ಮಕ್ಕಳು, ಇವರ ಜಾತಕಗಳನ್ನು ಬೆರೆಸಿ ಜ್ಯೋತಿಷಿಗಳಿಗೆ ತಲಾ 40ರಂತೆ ಕಳುಹಿಸಿ, ಯಾವುದು ಯಾವ ಗುಂಪಿನದ್ದೆಂದು ಕೇಳಿದರು. ಉತ್ತರ ಕಳುಹಿಸಿದ 27 ಜನರಲ್ಲಿ ಸರಿಯಾದದ್ದು ಸರಾಸರಿ 46 ಪ್ರತಿಶತ. ನಾಣ್ಯ ಚಿಮ್ಮಿ ಹೇಳಿದರೂ 50ರ ಹತ್ತಿರ ಬರುತ್ತದೆ. ಅಲ್ಲಿ ಕಣ್ಣು ಒರೆಸಿಕೊಳ್ಳುವ ತಾಯಿ ಇರಲಿಲ್ಲ.

ಆ ಹುಡುಗಿ ಮಾಡಿದ್ದಕ್ಕಿಂತ ಒಳ್ಳೆಯ ಉಪಾಯ ನನಗೂ ತಿಳಿಯದು. ಒಪ್ಪಿಗೆ ಕೇಳಿ ರೆಕಾರ್ಡ್ ಮಾಡಿ, ಮನೆಗೆ ಹೋಗಿ ಯಾರು ಯಾವುದನ್ನು ಮೊದಲು ಹೇಳಿದರೆಂದು ಪುಟದ ಎಡಕ್ಕೂ ಬಲಕ್ಕೂ ಬೇರೆಬೇರೆಯಾಗಿ ಬರೆಯಿರಿ. ನೆನಪಿನ ಮೇಲೆ ಬರೆದರೆ ಪ್ರಯೋಜನವಿಲ್ಲ, ಆ ತಾಯಿಯ ನೆನಪು ಒಂದೇ ಸಂಜೆಯಲ್ಲಿ ಪಕ್ಷ ಬದಲಿಸಿತ್ತು. ಕುಳಿತಿರುವಾಗಲೇ ಗುರುತಿಸಬೇಕೆಂದಿದ್ದರೆ, ನೀವು "ಇಲ್ಲ" ಎಂದ ಕೂಡಲೇ ಅವರ ಮಾತು ಎಲ್ಲಿಗೆ ಸರಿಯುತ್ತದೆ ಎಂದು ಗಮನಿಸಿ. ತಪ್ಪಾಯಿತು ಎಂದು ಒಪ್ಪಿಕೊಂಡು ನಿಂತರೆ ಒಂದು ಲೆಕ್ಕ. ಬಂಧುವಿಗೋ ಮುಂದಿನ ವರ್ಷಕ್ಕೋ ಜಾರಿದರೆ ಇನ್ನೊಂದು. ಮತ್ತು ದಯವಿಟ್ಟು ಕಾಗದದ ತಲೆಬರಹ ಓದಿ, ನಕ್ಷತ್ರ ನಿಮ್ಮದೇ ಇದೆಯೇ ನೋಡಿ.

ನೀವು ಮೌನವಾಗಿ ಕುಳಿತರೆ ಸಾಕು, ಅವರ ಈ ಕ್ರಮ ಬಯಲಾಗುತ್ತದೆಂದೂ ತಿಳಿಯಬೇಡಿ. ದಲ್ಲಾಳಿ ಮೊದಲೇ ಫೋನಿನಲ್ಲಿ ಮನೆಯ ವಿಷಯ ಹೇಳಿದ್ದರೆ, ಅಥವಾ ನೀವೇ ಫಾರಂನಲ್ಲಿ ಬರೆದಿದ್ದರೆ, ಬಾಯಿ ಮುಚ್ಚಿ ಕುಳಿತರೂ ಅವರು ಸರಿಯಾಗಿಯೇ ಹೇಳುತ್ತಾರೆ. ಕುಂಡಲಿ ಹಾಕಲು ಬೇಕಾದದ್ದು ದಿನ, ಸಮಯ, ಊರು ಮೂರೇ. ಉಳಿದ ಕಾಲಂಗಳು ಯಾರಿಗಾಗಿ ಎಂದು ನಾನು ಬಹಳ ಕಾಲ ಕೇಳಿರಲಿಲ್ಲ.

ನಡೆದದ್ದನ್ನು ಸೋದರಳಿಯನಿಗೆ ಹೇಳಿದೆ. ಅವನು ಗಂಭೀರವಾಗಿ ಕೇಳಿ ಒಂದು ವಾರದಲ್ಲಿ ಕ್ರಮ ಕೈಗೊಂಡ. ಪ್ರಿಂಟರ್ ಅದೇ ಉಳಿಯಿತು. "ಒಳಗೆ ಮೊಬೈಲ್ ಬಳಸಬಾರದು" ಎಂಬ ಫಲಕ ಪರದೆಯ ಪಕ್ಕ ಬಂತು. ಫಾರಂಗೆ ಹೊಸದಾಗಿ ಎರಡು ಕಾಲಂ ಸೇರಿದವು: ಒಡಹುಟ್ಟಿದವರು ಜೊತೆಗಿದ್ದಾರೆಯೇ, ಹಿಂದೆ ಸಂಬಂಧ ತಪ್ಪಿದ್ದಿದ್ದರೆ ಕಾರಣವೇನು. ನಾನು ಈಗ ಸರ್ಕಾರಿ ಸೇವೆಗಳ ಅರ್ಜಿ ತುಂಬಿಕೊಡುವ ಅಕ್ಷಯ ಕೇಂದ್ರದಲ್ಲಿದ್ದೇನೆ, ಇಲ್ಲಿನ ಪ್ರಿಂಟರ್ ಮರೆಗುಳಿ.