ಇಟ್ಟಂಗಿ ಪುಡಿ ಅಂದರು

ಬೆಳಿಗ್ಗೆಯಿಂದ ಬ್ಯಾಡಗಿ ಖಾರದ ಪುಡಿಯನ್ನು ಗಾಳಿಗೆ ಹಾರಿಸಿ ಫೋಟೋ ತೆಗೆಯುತ್ತಿದ್ದೆ, ಮಸಾಲೆ ಪ್ಯಾಕೆಟ್ಟಿಗೆ. ಫ್ಯಾನ್ ಬಂದ್, ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ. ಮೊದಲಿನವು ನೋಡಿ ಮಸಾಲೆ ಮಾಡುವ ಅಕ್ಕಾರು ಅಂದರು, "ತಮ್ಮಾ, ಇದು ನಮ್ಮ ಖಾರ ಅಲ್ಲ, ಇಟ್ಟಂಗಿ ಪುಡಿ ಕಂಡಂಗ ಕಾಣ್ತೈತಿ."

ನಿಜ ಅಲ್ವಾ ಅನ್ನಿಸಿತು. ಲೈಟು ಮುಂದಿನಿಂದ ಬೀಳುತ್ತಿತ್ತು, ಪುಡಿ ಚಪ್ಪಟೆಯಾಗಿ ಕಾಣುತ್ತಿತ್ತು. ಹಿಂದೆ ಕಪ್ಪು ಬಟ್ಟೆ ಕಟ್ಟಿ, ಫ್ಲ್ಯಾಶನ್ನು ಹಿಂದಿನ ಮೂಲೆಯಿಂದ, ಫ್ರೇಮಿಗೆ ಕಾಣದ ಹಾಗೆ ಪುಡಿಯ ಕಡೆ ತಿರುಗಿಸಿದೆ, ಪವರ್ ಪೂರ್ತಿಯ 1/16ಕ್ಕೆ ಇಳಿಸಿದೆ, ಯಾಕಂದ್ರೆ ಈ ಸಣ್ಣ ಫ್ಲ್ಯಾಶ್‌ಗಳಲ್ಲಿ ಪವರ್ ಕಡಿಮೆಯಾದಷ್ಟೂ ಬೆಳಕು ಬೇಗ ಮುಗಿದು ಹಾರುವ ಕಣಗಳು ನಿಂತ ಹಾಗೆ ಬರುತ್ತವೆ.

ಆಮೇಲೆ ಪುಡಿ ಮೋಡವಾಗದೆ ಗಂಟು ಗಂಟಾಗಿ ಬಿತ್ತು. ಖಾರದಲ್ಲಿ ಎಣ್ಣೆಯಂಶ ಇರುತ್ತದೆ, ಸ್ವಲ್ಪ ತೇವ ಹಿಡಿದರೂ ಅಂಟಿಕೊಳ್ಳುತ್ತದೆ. ಅರ್ಧ ಗಂಟೆ ಬಿಸಿಲಿಗೆ ಹರಡಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದೆ. ಮತ್ತೆ ಹಾರಿಸಿದಾಗ ಹೊಗೆಯಂತೆ ಎದ್ದಿತು.

ಬಣ್ಣ ಮಾತ್ರ ಇನ್ನೂ ಕಿತ್ತಳೆ. ಕ್ಯಾಮೆರಾದಲ್ಲಿ ಬೆಳಕಿನ ಪ್ರಮಾಣ ತೋರಿಸುವ ಒಟ್ಟು ಗ್ರಾಫ್ ಸರಿ ಇತ್ತು. ಕೆಂಪಿನ ಗ್ರಾಫನ್ನು ಬೇರೆಯಾಗಿ ನೋಡಿದರೆ ಬಲಗಡೆ ಗೋಡೆಗೆ ಬಡಿದಿತ್ತು. ಅಲ್ಲಿ ಕೆಂಪು ತುಂಬಿಹೋದರೆ ಅದರೊಳಗಿನ ಛಾಯೆಗಳ ವ್ಯತ್ಯಾಸ ಹೋಗುತ್ತದೆ, ಮತ್ತೆ ಎಡಿಟಿಂಗ್‌ನಲ್ಲಿ ಜಾಸ್ತಿ ತರಲು ಆಗಲ್ಲ. ಬೆಳಕನ್ನು ಒಂದು ಸ್ಟಾಪ್, ಅಂದ್ರೆ ಅರ್ಧಕ್ಕೆ, ಕಡಿಮೆ ಮಾಡಿದೆ. ಆ ದಟ್ಟ ಕೆಂಪು ಬಂತು.

ಪಕ್ಕದಲ್ಲಿ ಮೊರದ ತುಂಬ ಮೆಣಸಿನಕಾಯಿ ಇಟ್ಟಿದ್ದೆ, ಪಕ್ಕದ ಬೆಳಕಿಗೆ ಸುಕ್ಕು ಒಂದೊಂದೂ ಎದ್ದು ಕಾಣುತ್ತಿತ್ತು. ಅಕ್ಕಾರು ಆ ಸುಕ್ಕನ್ನೇ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು.