ನೈಟ್ ಮುಗಿಯುವುದು ಮರುದಿನ: ಡ್ಯೂಟಿ ಪಟ್ಟಿ ಮಾಡುವಾಗ ಕಂಡದ್ದು

ಕಾರವಾರದ ಒಂದು ಆಸ್ಪತ್ರೆಯ ಆಫೀಸಿನಲ್ಲಿ ನನ್ನ ಕೆಲಸ. ಸಿಸ್ಟರ್‌ಗಳ ಡ್ಯೂಟಿಯನ್ನು ಇನ್‌ಚಾರ್ಜ್ ಮೇಡಂ ವಾಟ್ಸಾಪ್‌ನಲ್ಲಿ ವಾಕ್ಯಗಳಲ್ಲೇ ಬರೆದು ಕಳಿಸುತ್ತಾರೆ. ಅದನ್ನು ವಾರ್ಡ್, ದಿನ ಅಂತ ಚೌಕಗಳಿಗೆ ಹಾಕಿ ಗೋಡೆಗೆ ಅಂಟಿಸುವುದು ನಾನು.

ಒಂದು ಸಲದ ಮೆಸೇಜ್ ಹೀಗಿತ್ತು (ಹೆಸರು ಬದಲಿಸಿದ್ದೇನೆ): "ಸವಿತಾ ಸೋಮವಾರದಿಂದ ಬುಧವಾರದವರೆಗೆ ಹೆರಿಗೆ ವಾರ್ಡ್ ನೈಟ್. ಆಮೇಲೆ ಎರಡು ದಿನ ಆಫ್. ಅವಳ ಜಾಗಕ್ಕೆ ರೇಖಾ. ಶುಕ್ರವಾರ ಸರ್ಜಿಕಲ್ ಮಾರ್ನಿಂಗ್‌ಗೂ ರೇಖಾನೇ."

ಓದಿದರೆ ಎಲ್ಲ ಸರಿಯಾಗಿಯೇ ಇದೆ ಅಲ್ವಾ? ನೇರವಾಗಿ ಚೌಕಕ್ಕೆ ಹಾಕಿದರೂ ಸರಿಯಾಗಿಯೇ ಕಾಣುತ್ತದೆ, ತಪ್ಪಿದ್ದರೂ ಗೊತ್ತಾಗುವುದಿಲ್ಲ. ಹಾಗಾಗಿ ನಾನು ಮೊದಲು ವಾಕ್ಯ ಒಡೆಯುತ್ತೇನೆ. ಒಂದು ಸಾಲಿಗೆ ಒಂದೇ ಡ್ಯೂಟಿ: ದಿನಾಂಕ, ವಾರ್ಡ್, ಶಿಫ್ಟ್, ಹೆಸರು. "ಅವಳ ಜಾಗಕ್ಕೆ ರೇಖಾ" ಎಂಬ ಮೂರು ಪದ ಎರಡು ಸಾಲಾಗುತ್ತದೆ: ಗುರುವಾರ ಹೆರಿಗೆ ನೈಟ್, ಶುಕ್ರವಾರ ಹೆರಿಗೆ ನೈಟ್.

ನಮ್ಮಲ್ಲಿ ನೈಟ್ ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ. ಅದನ್ನು ಶುರುವಾದ ದಿನದ ಲೆಕ್ಕಕ್ಕೆ ಬರೆಯುತ್ತೇವೆ. ಸವಿತಾ ಬುಧವಾರದ ನೈಟ್ ಇಳಿಯುವುದು ಗುರುವಾರ ಬೆಳಿಗ್ಗೆ. ಆ ಗುರುವಾರ ಮಲಗುವುದಕ್ಕೋ, ಆಫ್‌ನಲ್ಲಿ ಒಂದೋ? ವಾಕ್ಯದಲ್ಲಿ ಇರುವುದಿಲ್ಲ, ಕೇಳಲೇಬೇಕು. ಮೇಡಂ "ಗುರುವಾರನೇ ಮೊದಲ ಆಫ್" ಅಂದರು. ಪಾಪ, ಅರ್ಧ ಆಫ್ ನಿದ್ದೆಗೇ ಹೋಯಿತು. ಉತ್ತರ ಬರುವ ತನಕ ಆ ಚೌಕ ಖಾಲಿ ಬಿಡುವುದಿಲ್ಲ, ಪ್ರಶ್ನೆ ಚಿಹ್ನೆ ಹಾಕುತ್ತೇನೆ. ಖಾಲಿ ಬಿಟ್ಟರೆ ಆಫೋ, ಮರೆತದ್ದೋ ಗೊತ್ತಾಗುವುದಿಲ್ಲ.

ಈಗ ರೇಖಾ ಕಥೆ. ವಾರ್ಡ್ ಪಟ್ಟಿಯಲ್ಲಿ ಅವರ ಗುರುವಾರದ ನೈಟ್ ಹೆರಿಗೆ ಸಾಲಿನಲ್ಲಿ, ಶುಕ್ರವಾರದ ಮಾರ್ನಿಂಗ್ ಸರ್ಜಿಕಲ್ ಸಾಲಿನಲ್ಲಿ. ಎರಡೂ ದೂರ ದೂರ, ಕಣ್ಣಿಗೆ ಬೀಳುವುದೇ ಇಲ್ಲ. ಅದೇ ಸಾಲುಗಳಿಂದ ಹೆಸರಿನ ಪಟ್ಟಿ ಮಾಡಿದರೆ, ರೇಖಾ ಎದುರು ಗುರುವಾರ N, ಪಕ್ಕದಲ್ಲೇ ಶುಕ್ರವಾರ M. ಅಂದರೆ ರಾತ್ರಿ 8ರಿಂದ ಮರುದಿನ ಮಧ್ಯಾಹ್ನ 2ರವರೆಗೆ, ಒಂದೇ ಸಮನೆ 18 ತಾಸು. ಅದೇ ರಾತ್ರಿ ಮತ್ತೆ ನೈಟ್!

ಸಿಸ್ಟರ್‌ಗಳು ಜಾಸ್ತಿ ಇದ್ದರೆ ಎಕ್ಸೆಲ್‌ಗೇ ಹುಡುಕಲು ಹೇಳಬಹುದು. A ದಿನಾಂಕ, B ವಾರ್ಡ್, C ಶಿಫ್ಟ್, D ಹೆಸರು. E2ನಲ್ಲಿ ಇದನ್ನು ಹಾಕಿ ಕೆಳಗೆ ಎಳೆಯಿರಿ:

```
=IF(AND(C2="N",COUNTIFS($A$2:$A$90,A2+1,$D$2:$D$90,D2,$C$2:$C$90,"M")>0),"ನೋಡಿ","")
```

ನೈಟ್ ಆದ ಮರುದಿನ ಅದೇ ಹೆಸರಿಗೆ ಮಾರ್ನಿಂಗ್ ಇದ್ದರೆ "ನೋಡಿ" ಅಂತ ಬರುತ್ತದೆ. ದಿನಾಂಕ ನಿಜವಾದ ದಿನಾಂಕವಾಗಿಯೇ ಇರಬೇಕು, "ಗುರುವಾರ" ಅಂತ ಟೈಪ್ ಮಾಡಿದರೆ ನಡೆಯುವುದಿಲ್ಲ. ಹೆಸರೂ ಎಲ್ಲ ಕಡೆ ಒಂದೇ ಥರ ಇರಬೇಕು. ಒಂದು ಕಡೆ "ರೇಖಾ", ಇನ್ನೊಂದು ಕಡೆ "ರೇಖಾ ಸಿಸ್ಟರ್" ಅಂತಿದ್ದರೆ ಎಕ್ಸೆಲ್‌ಗೆ ಅವರು ಇಬ್ಬರು.

ಮೇಡಂಗೆ ಆ ಒಂದು ಸಾಲು ಮಾತ್ರ ಕಳಿಸಿದೆ. ಸರ್ಜಿಕಲ್ ಮಾರ್ನಿಂಗ್‌ಗೆ ಬೇರೆಯವರನ್ನು ಹಾಕಿದರು. ಆ ಸಿಸ್ಟರ್ ಅಂಕೋಲಾದಿಂದ ಬರುವವರು. ಮಳೆಗಾಲದಲ್ಲಿ ಹೆದ್ದಾರಿ ನಂಬುವ ಹಾಗಿಲ್ಲ. ಅವರು ಬರುವುದು ತಡವಾದರೆ ನೈಟ್‌ನವರಲ್ಲಿ ಯಾರು ನಿಲ್ಲಬೇಕು ಅನ್ನುವುದನ್ನೂ ಈಗ ಆ ಚೌಕದಲ್ಲೇ ಪೆನ್ಸಿಲ್‌ನಲ್ಲಿ ಬರೆಯುತ್ತೇವೆ.